ಹಳ್ಳಿ ಶಾಲೆಯ ಲೈಬ್ರರಿಗೆ ಅನುದಾನದ ಅರ್ಜಿ: ಒಂದು ಪುಟದ ಸಾರಾಂಶ ಮತ್ತು ಖರ್ಚಿನ ಸಮರ್ಥನೆ ಬರೆಯುವುದು ಹೇಗೆ

ಕೊಡಗಿನ ಶಾಲೆಗಳಿಂದ ತಿದ್ದಿ ಕೊಡಿ ಅಂತ ನನ್ನ ಹತ್ತಿರ ಬರುವ ಲೈಬ್ರರಿ ಅರ್ಜಿಗಳಲ್ಲಿ ಖರ್ಚಿನ ಪುಟ ಬಹುತೇಕ ಒಂದೇ ಥರ ಇರುತ್ತದೆ. ಪುಸ್ತಕಗಳು 1,00,000. ಪೀಠೋಪಕರಣ 75,000. ಇತರೆ 25,000. ಒಟ್ಟು ಎರಡು ಲಕ್ಷ. ಎಲ್ಲ ಅಂಕಿಯೂ ದುಂಡಗೆ. ಯಾವ ಅಂಕಿ ಎಲ್ಲಿಂದ ಬಂತು ಅಂತ ಒಂದು ಸಾಲೂ ಇಲ್ಲ. ಮುಂದಿನ ಪುಟದಲ್ಲಿ ಓದಿನ ಮಹತ್ವದ ಬಗ್ಗೆ ಮೂರು ಪ್ಯಾರಾ.

ಈ ಅರ್ಜಿ ತಿರಸ್ಕಾರ ಆಗುವುದು ಶಾಲೆ ಬಡವಾಗಿದೆಯೋ ಇಲ್ಲವೋ ಅನ್ನುವುದರಿಂದ ಅಲ್ಲ. ಓದುವವರು ಮೊದಲು ಕೂಡಿಸಿ ನೋಡುತ್ತಾರೆ. ಲೆಕ್ಕ ಸಿಗದಿದ್ದರೆ ಪಕ್ಕಕ್ಕೆ ಇಡುತ್ತಾರೆ. ಹಾಗಾಗಿ ಇಲ್ಲಿ ಎರಡೇ ವಿಷಯ: ಖರ್ಚಿನ ಸಮರ್ಥನೆ ಮತ್ತು ಅದರಿಂದ ಹುಟ್ಟುವ ಒಂದು ಪುಟದ ಸಾರಾಂಶ. ಅರ್ಜಿಯಲ್ಲಿ ಸಾರಾಂಶ ಮೊದಲ ಪುಟ, ಆದರೆ ಅದನ್ನು ಬರೆಯಬೇಕಾದ್ದು ಕೊನೆಗೆ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ಉದಾಹರಣೆಗೆ ಸೋಮವಾರಪೇಟೆ ಕಡೆಯ ಒಂದು ಸರ್ಕಾರಿ ಶಾಲೆ ಅಂದುಕೊಳ್ಳೋಣ. ಒಂದರಿಂದ ಏಳನೇ ತರಗತಿ, 84 ಮಕ್ಕಳು, ಮೂವರು ಶಿಕ್ಷಕರು, ಬಳಸದೆ ಬಿಟ್ಟ ಒಂದು ಹೆಂಚಿನ ಕೋಣೆ. ಕೊನೆಯವರೆಗೂ ಇದೇ ಲೆಕ್ಕ ಬಳಸುತ್ತೇನೆ. ದರಗಳು ಲೆಕ್ಕ ತೋರಿಸಲು ಹಾಕಿದ್ದು. ನಿಮ್ಮ ಅಂಗಡಿಯ ದರ ನೀವೇ ತರಬೇಕು.

ಮೊದಲು ಕೈಯಲ್ಲಿ ಇರಬೇಕಾದದ್ದು

ದಾಖಲಾತಿ ಪುಸ್ತಕ, ಹಾಜರಾತಿ ಪುಸ್ತಕ, ಈಗಿರುವ ಪುಸ್ತಕಗಳ ಸ್ಟಾಕ್ ರಿಜಿಸ್ಟರ್, ಶಾಲೆಯ ಯುಡೈಸ್ ಸಂಖ್ಯೆ, ಎಸ್‌ಡಿಎಂಸಿ ಸಭೆಯ ನಡಾವಳಿ, ಒಂದು ಅಳತೆ ಟೇಪು, ಫೋಟೋ ತೆಗೆಯಲು ಫೋನು. ಇದರ ಜೊತೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು, ಅಗಲದ ಅಂಟುಟೇಪು. ಇವೆರಡು ಯಾಕೆ ಅಂತ ಈಗಲೇ ಹೇಳುತ್ತೇನೆ.

ಹಂತ 1: ಎಣಿಸಿ, ಕೋಣೆ ನೋಡಿ

ಮಕ್ಕಳ ಸಂಖ್ಯೆಯನ್ನು ತರಗತಿವಾರು ಬರೆದುಕೊಳ್ಳಿ. ನಮ್ಮ ಶಾಲೆಯಲ್ಲಿ ಒಂದರಿಂದ ಮೂರರಲ್ಲಿ 36, ನಾಲ್ಕು ಐದರಲ್ಲಿ 22, ಆರು ಏಳರಲ್ಲಿ 26. ಪಕ್ಕದಲ್ಲೇ ಯಾವ ತಿಂಗಳ ಲೆಕ್ಕ ಅಂತ ಬರೆಯಿರಿ. ತೋಟದ ಲೈನ್‌ಮನೆಗಳ ಮಕ್ಕಳು ಜಾಸ್ತಿ ಇರುವ ಶಾಲೆಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಕೆಲವರು ಬರುತ್ತಾರೆ, ಮುಗಿದ ಮೇಲೆ ಕೆಲವರು ಹೋಗುತ್ತಾರೆ. ಅರ್ಜಿಯಲ್ಲಿ 84 ಅಂತ ಬರೆದು, ನೋಡಲು ಬಂದವರಿಗೆ 71 ಮಕ್ಕಳು ಕಂಡರೆ ನೀವು ಸುಳ್ಳು ಬರೆದಂತೆ ಆಗುತ್ತದೆ. ತಿಂಗಳು ಹಾಕಿ, ಕಾರಣ ಒಂದು ಸಾಲಿನಲ್ಲಿ ಹೇಳಿದರೆ ಆ ತೊಂದರೆ ಇಲ್ಲ.

ಮಕ್ಕಳು ಮನೆಯಲ್ಲಿ ಆಡುವ ಭಾಷೆಯನ್ನೂ ಎಣಿಸಿ. ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ, ಮಲಯಾಳಂ, ತಮಿಳು, ತುಳು, ಈಗೀಗ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಭಾಷೆ, ಒಂದೇ ತರಗತಿಯಲ್ಲಿ ನಾಲ್ಕೈದು ಇರುತ್ತವೆ ಅಲ್ವಾ? ಕನ್ನಡ ಮನೆಮಾತಲ್ಲದ ಚಿಕ್ಕ ಮಕ್ಕಳು ಜಾಸ್ತಿ ಇದ್ದರೆ ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ಪುಸ್ತಕ ಬೇಕು. ಅದು ಮುಂದೆ ನೇರವಾಗಿ ಖರ್ಚಿನ ಸಾಲಿಗೆ ಬರುತ್ತದೆ.

ಆಮೇಲೆ ಈಗಿರುವ ಪುಸ್ತಕ. ಸ್ಟಾಕ್ ರಿಜಿಸ್ಟರಿನಲ್ಲಿರುವ ಸಂಖ್ಯೆ ಬರೆಯಬೇಡಿ. ಬೀರು ತೆಗೆದು, ಒಂದೊಂದೇ ಕೈಗೆತ್ತಿಕೊಂಡು, ಓದಲು ಆಗುವಂಥದ್ದು ಒಂದು ಕಡೆ, ಗೆದ್ದಲು ತಿಂದದ್ದು, ಬೂಷ್ಟು ಹಿಡಿದು ಹಾಳೆ ಅಂಟಿಕೊಂಡದ್ದು ಇನ್ನೊಂದು ಕಡೆ ಇಡಿ. ನಮ್ಮ ಶಾಲೆಯ ರಿಜಿಸ್ಟರಿನಲ್ಲಿ 410 ಇದೆ, ಓದಲು ಆಗುವುದು 260. ಎರಡೂ ಅಂಕಿ ಅರ್ಜಿಯಲ್ಲಿ ಇರಲಿ. 150 ಪುಸ್ತಕ ಯಾಕೆ ಹಾಳಾಯಿತು ಅನ್ನುವುದೇ ನಿಮ್ಮ ಅರ್ಜಿಯ ಮುಖ್ಯ ಮಾತು.

ಈಗ ಕೋಣೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಗೋಡೆ ಮುಟ್ಟಿದರೆ ಥಂಡಿ. ಆದರೆ ಆ ತೇವ ಗೋಡೆಯೊಳಗಿಂದ ಬರುತ್ತಿದೆಯೋ, ಗಾಳಿಯಲ್ಲಿರುವುದೋ ಅಂತ ತಿಳಿಯಬೇಕು. ಗೋಡೆಯ ಮೇಲೆ ಒಂದು ಅಡಿ ಉದ್ದಗಲದ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಹಾಕಿ. ಎರಡು ದಿನ ಬಿಟ್ಟು ನೋಡಿ. ಗೋಡೆಗೆ ತಾಗಿದ ಒಳಬದಿಯಲ್ಲಿ ನೀರಿನ ಹನಿ ಇದ್ದರೆ ತೇವ ಗೋಡೆಯದ್ದು, ಹೆಂಚು ಅಥವಾ ಗಾರೆ ರಿಪೇರಿ ಆಗದೆ ಪುಸ್ತಕ ತರುವಂತಿಲ್ಲ. ಹೊರಬದಿ ಒದ್ದೆಯಾಗಿದ್ದರೆ ತೇವ ಗಾಳಿಯದ್ದು, ಕಿಟಕಿ ತೆರೆಯುವುದು ಮತ್ತು ಪುಸ್ತಕಗಳ ನಡುವೆ ಜಾಗ ಬಿಡುವುದು ದಾರಿ. ಫಾಯಿಲ್ ತೆಗೆಯುವಾಗ ಒಂದು ಫೋಟೋ ತೆಗೆದು ಅರ್ಜಿಗೆ ಲಗತ್ತಿಸಿ. ಬೇಸಿಗೆಯಲ್ಲಿ ಈ ಪರೀಕ್ಷೆ ಮಾಡಿ ನೆಮ್ಮದಿಯಾಗಬೇಡಿ, ಆಗ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ.

ಹಂತ 2: ಹಣ ಯಾರ ಖಾತೆಗೆ ಬರುತ್ತದೆ ಅಂತ ಕೇಳಿ

ಇದನ್ನು ಕೊನೆಗೆ ಬಿಟ್ಟು ತುಂಬ ಜನ ಸೋತಿದ್ದಾರೆ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವಾದರೆ, ಕಂಪನಿ ತಾನೇ ಕೆಲಸ ಮಾಡಿಸದೆ ಬೇರೆಯವರ ಮೂಲಕ ಮಾಡಿಸುವಾಗ ಆ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಇರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ನಿಮ್ಮ ಎಸ್‌ಡಿಎಂಸಿಗೆ ಅದು ಇರುವುದಿಲ್ಲ. ಆಗ ಎರಡು ದಾರಿ: ನೋಂದಣಿ ಇರುವ ಟ್ರಸ್ಟ್ ಅಥವಾ ಸೊಸೈಟಿ ಜೊತೆ ಸೇರಿ ಅರ್ಜಿ ಹಾಕುವುದು, ಇಲ್ಲವೇ ಕಂಪನಿಯೇ ನೇರವಾಗಿ ಸಾಮಾನು ಕೊಂಡು ಶಾಲೆಗೆ ಕೊಡುವುದು. ಎರಡನೆಯದಾದರೆ ಲೈಬ್ರರಿ ನೋಡಿಕೊಳ್ಳುವ ಮೇಲ್ವಿಚಾರಕರ ಗೌರವಧನದಂಥ ಸಾಲು ಬಜೆಟ್‌ನಲ್ಲಿ ನಿಲ್ಲುವುದು ಕಷ್ಟ. ಅದಕ್ಕೇ ಇದನ್ನು ಮೊದಲೇ ಕೇಳಬೇಕು.

ಕೇಳಬೇಕಾದ್ದು ಇನ್ನೊಂದಿದೆ. ಕಟ್ಟಡದ ಕೆಲಸಕ್ಕೆ ಹಣ ಕೊಡುತ್ತೀರಾ? ಬಹಳ ಕಡೆ ಕೊಡುವುದಿಲ್ಲ. ಹಾಗಿದ್ದರೆ ಹೆಂಚು, ಗಾರೆ ರಿಪೇರಿಯನ್ನು ನಿಮ್ಮ ಪಾಲಾಗಿ ತೋರಿಸಿ. ನಮ್ಮ ಉದಾಹರಣೆಯಲ್ಲಿ ಗಾರೆ ಮೇಸ್ತ್ರಿ 22,000 ಹೇಳಿದ್ದಾರೆ, ಎಸ್‌ಡಿಎಂಸಿ ಮತ್ತು ಹಳೆ ವಿದ್ಯಾರ್ಥಿಗಳು ಅದನ್ನು ಹೊರುತ್ತಾರೆ ಅಂತ ನಡಾವಳಿಯಲ್ಲಿ ಬರೆದಿದೆ. ನಡಾವಳಿಯ ಪ್ರತಿ ಲಗತ್ತಿಸದಿದ್ದರೆ ಅದು ಬರೀ ಬಾಯಿಮಾತು.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಲೈಬ್ರರಿಗೆ ಹಣ ಬಂದಿದ್ದರೆ ಅದನ್ನೂ ಹೇಳಿಬಿಡಿ. ಎಷ್ಟು ಬಂತು, ಅದರಲ್ಲಿ ಏನು ತಂದಿರಿ, ಅದು ಯಾಕೆ ಸಾಲದು. ಮುಚ್ಚಿಟ್ಟರೆ ಒಂದೇ ಕೆಲಸಕ್ಕೆ ಎರಡು ಕಡೆ ಹಣ ಕೇಳಿದ ಹಾಗಾಗುತ್ತದೆ, ಗೊತ್ತಾದ ದಿನ ಅರ್ಜಿ ಅಲ್ಲಿಗೇ ಮುಗಿಯಿತು.

ಹಂತ 3: ಕೊಟೇಶನ್ ತನ್ನಿ

ರ‍್ಯಾಕ್‌ಗೆ ಮೂರು ಕೊಟೇಶನ್. ಕುಶಾಲನಗರ, ಮಡಿಕೇರಿ, ಮೈಸೂರು, ಎಲ್ಲಿಂದಾದರೂ ಸರಿ, ಆದರೆ ಮೂವರಿಗೂ ಒಂದೇ ಅಳತೆ ಕೊಡಿ: ಅಗಲ ಮೂರು ಅಡಿ, ಐದು ಅಂತಸ್ತು, ಕೆಳಗಿನ ಅಂತಸ್ತು ನೆಲದಿಂದ ಆರು ಇಂಚು ಮೇಲೆ, ಪೌಡರ್ ಕೋಟಿಂಗ್. ಅಳತೆ ಬೇರೆ ಬೇರೆಯಾದರೆ ದರ ಹೋಲಿಸಲು ಆಗುವುದಿಲ್ಲ, ಓದುವವರಿಗೆ ಅದು ತಕ್ಷಣ ಕಾಣುತ್ತದೆ. ಜಿಎಸ್‌ಟಿ ಪ್ರತ್ಯೇಕ ಬರೆಸಿ. ಸ್ಟೀಲ್ ರ‍್ಯಾಕ್‌ಗೆ ಶೇಕಡ 18 ಇದೆ, ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕದ ಸಾಲಿಗೂ 18 ಸೇರಿಸಿದ ಅರ್ಜಿ ನೋಡಿದ್ದೇನೆ, ರ‍್ಯಾಕ್‌ಗೆ ಸೇರಿಸಲು ಮರೆತು ಕೊನೆಗೆ ಕೈಯಿಂದ ಹಾಕಿಕೊಂಡ ಶಿಕ್ಷಕರನ್ನೂ ನೋಡಿದ್ದೇನೆ.

ಪುಸ್ತಕಕ್ಕೆ ಪ್ರಕಾಶಕರ ಪಟ್ಟಿಯೇ ಕೊಟೇಶನ್. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ, ಕನ್ನಡ ಪುಸ್ತಕ ಪ್ರಾಧಿಕಾರ, ಇವರ ಪಟ್ಟಿ ತರಿಸಿ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳನ್ನೂ ಮಕ್ಕಳಿಗೆ ಓದಿ ಹೇಳುವಂಥದ್ದು ಏನಿದೆ ಅಂತ ಕೇಳಿ. ರಿಯಾಯಿತಿ ಕಳೆದ ಮೇಲಿನ ದರ ಬರೆಯಿರಿ. ಸಾಗಾಟ ಬೇರೆ ಸಾಲು. ಮುಖ್ಯ ರಸ್ತೆಯಿಂದ ಶಾಲೆವರೆಗೆ ಜೀಪೋ ಪಿಕಪ್ಪೋ ಬೇಕಾದರೆ ಅದರ ಬಾಡಿಗೆಯೂ ಇಲ್ಲೇ ಬರಬೇಕು.

ಹಂತ 4: ಪ್ರತಿ ಸಾಲಿಗೂ ಸಮರ್ಥನೆ

ಸಮರ್ಥನೆ ಅಂದರೆ "ಮಕ್ಕಳಿಗೆ ಪುಸ್ತಕ ಅಗತ್ಯ" ಅಂತ ಬರೆಯುವುದಲ್ಲ. ಎಷ್ಟು, ಎಷ್ಟಕ್ಕೆ, ಯಾಕೆ ಅಷ್ಟೇ, ಅದಕ್ಕಿಂತ ಕಡಿಮೆಯಾದರೆ ಏನು ನಿಲ್ಲುತ್ತದೆ. ಈ ನಾಲ್ಕಕ್ಕೆ ಉತ್ತರ ಇದ್ದರೆ ಸಾಕು. ಮೂರು ಸಾಲು ಬಿಡಿಸಿ ತೋರಿಸುತ್ತೇನೆ.

ಮೊದಲು ಪುಸ್ತಕ. ಮಗುವಿಗೆ ಐದರಂತೆ 84 ಮಕ್ಕಳಿಗೆ 420. ಒಂದರಿಂದ ಮೂರಕ್ಕೆ 200 ಪುಸ್ತಕ, ತಲಾ 60 ರೂಪಾಯಿಯಂತೆ 12,000. ನಾಲ್ಕು ಐದಕ್ಕೆ 130, ತಲಾ 90ರಂತೆ 11,700. ಆರು ಏಳಕ್ಕೆ 90, ತಲಾ 140ರಂತೆ 12,600. ಒಟ್ಟು 36,300. ಚಿಕ್ಕವರಿಗೆ ಯಾಕೆ ಹೆಚ್ಚು ಅಂತ ಕೇಳುತ್ತಾರೆ: ಹದಿನಾರು ಪುಟದ ಚಿತ್ರಪುಸ್ತಕ ಒಂದೇ ಕೂತಲ್ಲಿ ಮುಗಿಯುತ್ತದೆ, ಮಗು ಇನ್ನೊಂದಕ್ಕೆ ಕೈ ಚಾಚುತ್ತದೆ. ಮೇಲಾಗಿ ಇಲ್ಲಿ ಕನ್ನಡ ಮನೆಮಾತಲ್ಲದ ಮಕ್ಕಳು ಇದೇ ತರಗತಿಗಳಲ್ಲಿ ಓದು ಕಲಿಯುತ್ತಿದ್ದಾರೆ. ಹಂತ 1ರಲ್ಲಿ ಎಣಿಸಿದ ಭಾಷೆಯ ಅಂಕಿ ಇಲ್ಲಿ ಹಾಕಿ.

ಎರಡನೆಯದು ರ‍್ಯಾಕ್. ಹೊಸದು 420, ಹಳೆಯದು 260, ಸೇರಿ 680. ಒಂದು ಅಂತಸ್ತಿನಲ್ಲಿ ಒತ್ತಿ ತುಂಬಿದರೆ ಇನ್ನೂ ಜಾಸ್ತಿ ಹಿಡಿಯುತ್ತದೆ, ಆದರೆ ಗಾಳಿಯಾಡಲು ಜಾಗ ಬಿಟ್ಟು 35 ಅಂತ ಇಟ್ಟುಕೊಂಡಿದ್ದೇವೆ. 680ಕ್ಕೆ ಇಪ್ಪತ್ತು ಅಂತಸ್ತು, ಅಂದರೆ ನಾಲ್ಕು ರ‍್ಯಾಕ್. ತಲಾ 6,500ರಂತೆ 26,000, ಜಿಎಸ್‌ಟಿ 4,680, ಒಟ್ಟು 30,680. "ಬಾಗಿಲಿರುವ ಬೀರು ಯಾಕೆ ಬೇಡ, ಸುರಕ್ಷಿತ ಅಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಉತ್ತರ ನಿಮ್ಮ 150 ಹಾಳಾದ ಪುಸ್ತಕದಲ್ಲಿದೆ. ಮಳೆಗಾಲದಲ್ಲಿ ಮುಚ್ಚಿದ ಬೀರು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಬೀಗ ಹಾಕಿದ ಬೀರು ಮಗುವಿನ ಕೈಗೂ ಸಿಗುವುದಿಲ್ಲ. ಹಿಂದೆ ಬೀರುವಿನೊಳಗೆ ಬಲ್ಬು ಉರಿಸಿ ಬೆಚ್ಚಗಿಡುತ್ತಿದ್ದರು. ಅದು ಹಳೆಯ ತಂತಿಯ ಬಲ್ಬಿನ ಬಿಸಿಯಿಂದ ಆಗುತ್ತಿದ್ದ ಕೆಲಸ, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ತೇವ ಹೀರುವ ಮೆಷಿನ್ ಕೇಳಬೇಡಿ, ಮಳೆ ಜೋರಾದಾಗ ಇಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ರ‍್ಯಾಕ್ ಅನ್ನು ಗೋಡೆಯಿಂದ ಆರು ಇಂಚು ದೂರ ಇಡುತ್ತೇವೆ ಅಂತಲೂ ಬರೆಯಿರಿ. ಗೆದ್ದಲಿನ ಮಣ್ಣಿನ ಗೆರೆ ಗೋಡೆಯಲ್ಲಿ ಎದ್ದರೆ ಕಾಣುವುದು ಆ ಜಾಗದಿಂದಲೇ.

ಮೂರನೆಯದು ಜನ. ಬಹಳ ಅರ್ಜಿಗಳಲ್ಲಿ ಈ ಸಾಲೇ ಇರುವುದಿಲ್ಲ, "ಶಿಕ್ಷಕರು ನೋಡಿಕೊಳ್ಳುತ್ತಾರೆ" ಅಂತ ಇರುತ್ತದೆ. ಏಳು ತರಗತಿಗೆ ಮೂವರು ಶಿಕ್ಷಕರು ಅಂತ ಮೊದಲ ಪುಟದಲ್ಲಿ ಬರೆದು, ನಾಲ್ಕನೇ ಪುಟದಲ್ಲಿ ಹೀಗೆ ಬರೆದರೆ ಯಾರು ನಂಬುತ್ತಾರೆ? ನಮ್ಮ ಲೆಕ್ಕ ಹೀಗೆ: ಊರಿನದ್ದೇ ಒಬ್ಬರು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ, ತಿಂಗಳಿಗೆ 3,000, ಹತ್ತು ತಿಂಗಳಿಗೆ 30,000. ತಿಂಗಳಿಗೆ ಸುಮಾರು 32 ಗಂಟೆ, ಗಂಟೆಗೆ ಹತ್ತಿರ ಹತ್ತಿರ 94 ರೂಪಾಯಿ. ಇಲ್ಲೊಂದು ಎಚ್ಚರಿಕೆ. ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಆ ಮೂರು ತಿಂಗಳು ತೋಟದ ಕೂಲಿ ಬಿಟ್ಟು ಲೈಬ್ರರಿಗೆ ಬರುವವರು ಸಿಗುವುದು ಕಷ್ಟ. ಯಾರು, ಆ ತಿಂಗಳಲ್ಲಿ ಹೇಗೆ ಅಂತ ಆ ವ್ಯಕ್ತಿಯ ಜೊತೆ ಮಾತಾಡಿ, ಒಪ್ಪಿಗೆ ಪಡೆದು ಬರೆಯಿರಿ. ಆನೆ ಓಡಾಡುವ ಜಾಗವಾದರೆ ಸಂಜೆ ಐದೂವರೆವರೆಗೆ ತೆರೆದಿರುತ್ತದೆ ಅಂತ ಭರವಸೆ ಕೊಡಬೇಡಿ. ಎರಡರಿಂದ ನಾಲ್ಕು ಅಂತ ಬರೆದು ಕಾರಣ ಹೇಳಿ.

ಉಳಿದದ್ದು ಚಿಕ್ಕ ಸಾಲುಗಳು. ಸಾಗಾಟ 3,500. ಕೂರಲು ಜಮಖಾನ ಆರು, ತಲಾ 900ರಂತೆ 5,400. ರಿಜಿಸ್ಟರ್, ಲೇಬಲ್, ಬೈಂಡಿಂಗ್ ಪುಸ್ತಕಕ್ಕೆ 8 ರೂಪಾಯಿಯಂತೆ 680 ಪುಸ್ತಕಕ್ಕೆ 5,440. ಎಲ್ಲ ಸೇರಿ ಕೇಳುವ ಮೊತ್ತ 1,11,320. ನಿಮ್ಮ ಪಾಲು 22,000 ಸೇರಿದರೆ ಯೋಜನೆಯ ಒಟ್ಟು ವೆಚ್ಚ 1,33,320. "ಇತರೆ" ಅನ್ನುವ ಸಾಲು ಇಲ್ಲ ನೋಡಿ. ಹೆಸರಿಲ್ಲದ ಖರ್ಚನ್ನು ಯಾರೂ ಮಂಜೂರು ಮಾಡಬೇಕಾಗಿಲ್ಲ. ಮೊತ್ತವನ್ನು ಸುಮ್ನೆ 1,15,000ಕ್ಕೆ ಏರಿಸಲೂಬೇಡಿ.

ಹಂತ 5: ತಿಂಗಳು ಹೊಂದಿಸಿ

ಹಣ ಬಂದ ಮೇಲೆ ಏನು ಮೊದಲು ಅನ್ನುವುದನ್ನು ಮಳೆ ತೀರ್ಮಾನಿಸುತ್ತದೆ. ಹೆಂಚು, ಗಾರೆ ಕೆಲಸ ಏಪ್ರಿಲ್ ಮೇ ಒಳಗೆ. ಅದು ತಪ್ಪಿದರೆ ಅಕ್ಟೋಬರ್ ಕಳೆದ ಮೇಲೆ. ಗಾರೆ ಪೂರ್ತಿ ಒಣಗದೆ ಪುಸ್ತಕ ಒಳಗೆ ತರಬೇಡಿ. ಜುಲೈಯಲ್ಲಿ ಪುಸ್ತಕದ ಡಬ್ಬ ಬಂದು ವರಾಂಡದಲ್ಲಿ ಒಂದು ವಾರ ಕೂತರೆ ಓಪನ್ ಮಾಡುವ ಹೊತ್ತಿಗೆ ಕೆಳಗಿನ ಸಾಲು ಉಬ್ಬಿರುತ್ತದೆ. ಮಳೆ ರಜೆಗಳೂ ಇರುತ್ತವೆ, ಹಾಗಾಗಿ ಜೂನ್ ಜುಲೈಯಲ್ಲಿ "ವಾರಕ್ಕೆ ನಾಲ್ಕು ದಿನ ತಪ್ಪದೆ" ಅಂತ ಲೆಕ್ಕ ಕೊಡಬೇಡಿ. ಹಣ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ರ ಲೆಕ್ಕಕ್ಕೆ ಕೇಳುತ್ತಾರೋ, ಯೋಜನೆ ಮುಗಿದ ಮೇಲೋ ಅಂತ ಕೇಳಿಕೊಂಡು ಆ ದಿನದಿಂದ ಹಿಂದಕ್ಕೆ ಎಣಿಸಿ.

ಹಂತ 6: ಈಗ ಸಾರಾಂಶ ಬರೆಯಿರಿ

ಎಲ್ಲ ಅಂಕಿ ಕೈಯಲ್ಲಿದೆ. ಒಂದು ಪುಟ, ಐದು ಉತ್ತರ: ಯಾರು, ಈಗ ಏನು ತೊಂದರೆ, ಏನು ಮಾಡುತ್ತೀರಿ, ಎಷ್ಟು ಬೇಕು, ಆಯಿತೋ ಇಲ್ಲವೋ ಅಂತ ಹೇಗೆ ತಿಳಿಯುತ್ತದೆ. ಮೊತ್ತ ಮೊದಲ ಪ್ಯಾರಾದಲ್ಲೇ ಬರಲಿ, ಹುಡುಕುವ ಹಾಗೆ ಮಾಡಬೇಡಿ. ನಮ್ಮ ಶಾಲೆಯದ್ದು ಹೀಗೆ ಬರುತ್ತದೆ:

> ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 84 ಮಕ್ಕಳಿದ್ದಾರೆ (ನವೆಂಬರ್ ದಾಖಲಾತಿ). ಲೈಬ್ರರಿ ಕೋಣೆ ಸಿದ್ಧಪಡಿಸಿ ಒಂದು ವರ್ಷ ನಡೆಸಲು 1,11,320 ರೂಪಾಯಿ ಕೋರುತ್ತಿದ್ದೇವೆ. ರಿಪೇರಿಯ 22,000 ರೂಪಾಯಿಯನ್ನು ಎಸ್‌ಡಿಎಂಸಿ ಮತ್ತು ಹಳೆ ವಿದ್ಯಾರ್ಥಿಗಳು ಭರಿಸುತ್ತಾರೆ.
>
> ರಿಜಿಸ್ಟರಿನ 410 ಪುಸ್ತಕಗಳಲ್ಲಿ 150 ಮುಚ್ಚಿದ ಬೀರುವಿನ ತೇವ ಮತ್ತು ಗೆದ್ದಲಿನಿಂದ ಹಾಳಾಗಿವೆ. ಏಳು ತರಗತಿಗೆ ಮೂವರು ಶಿಕ್ಷಕರಿರುವುದರಿಂದ ಪುಸ್ತಕ ಕೊಡಲು, ಪಡೆಯಲು ಯಾರೂ ಇಲ್ಲ.
>
> 420 ಹೊಸ ಪುಸ್ತಕ, ನಾಲ್ಕು ತೆರೆದ ಸ್ಟೀಲ್ ರ‍್ಯಾಕ್, ಕೂರಲು ಜಮಖಾನ ಮತ್ತು ಹತ್ತು ತಿಂಗಳ ಮಟ್ಟಿಗೆ ಒಬ್ಬ ಸ್ಥಳೀಯ ಮೇಲ್ವಿಚಾರಕರನ್ನು ಕೋರುತ್ತೇವೆ. ವಾರಕ್ಕೆ ನಾಲ್ಕು ದಿನ ಮಧ್ಯಾಹ್ನ 2ರಿಂದ 4ರವರೆಗೆ ಲೈಬ್ರರಿ ತೆರೆದಿರುತ್ತದೆ, ಮಳೆ ರಜೆಯ ದಿನಗಳನ್ನು ಬಿಟ್ಟು.
>
> ಪ್ರತಿ ತಿಂಗಳು ಎರವಲು ರಿಜಿಸ್ಟರಿನ ಪ್ರತಿ ಕಳುಹಿಸುತ್ತೇವೆ. ಮಳೆಗಾಲ ಮುಗಿದ ಮೇಲೆ ಎಲ್ಲ ಪುಸ್ತಕ ಎಣಿಸಿ, ಹಾಳಾದವುಗಳ ಸಂಖ್ಯೆ ತಿಳಿಸುತ್ತೇವೆ.

ಕೊನೆಯ ಸಾಲು ಗಮನಿಸಿ. "ಓದುವ ಹವ್ಯಾಸ ಬೆಳೆಯುತ್ತದೆ" ಅಂತ ಬರೆದರೆ ಅಳೆಯಲು ಆಗುವುದಿಲ್ಲ. ರಿಜಿಸ್ಟರಿನ ಪುಟ ಅಳೆಯಬಹುದು. ಹಾಳಾದ ಪುಸ್ತಕ ಎಣಿಸಬಹುದು.

ಹಂತ 7: ಕಳಿಸುವ ಮುಂಚೆ

ಸಾರಾಂಶದ ಪ್ರತಿ ಅಂಕಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದು ಬಜೆಟ್‌ನಲ್ಲಿ ಅಥವಾ ಲಗತ್ತಿನಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ತೋರಿಸಲಾಗದ ಅಂಕಿ ಇದ್ದರೆ ತೆಗೆದುಹಾಕಿ. ಆಮೇಲೆ ಲೆಕ್ಕ ಗೊತ್ತಿರುವ, ಆದರೆ ಈ ಯೋಜನೆ ಗೊತ್ತಿಲ್ಲದ ಒಬ್ಬರಿಗೆ ಬಜೆಟ್ ಪುಟ ಮಾತ್ರ ಕೊಡಿ. ಸಹಕಾರ ಸಂಘದ ಗುಮಾಸ್ತರಾದರೂ ಸರಿ. ಅವರು "ಇದು ಯಾಕೆ ಇಷ್ಟು?" ಅಂತ ಕೇಳಿದ ಕಡೆಯೆಲ್ಲ ಸಮರ್ಥನೆ ಸಾಲದು ಅಂತ ಅರ್ಥ. ಬೇರೆ ಶಾಲೆಯ ಅರ್ಜಿ ನೋಡಿ ಬರೆದಿದ್ದರೆ ಆ ಶಾಲೆಯ ಹೆಸರು, ಮಕ್ಕಳ ಸಂಖ್ಯೆ ಎಲ್ಲಾದರೂ ಉಳಿದಿದೆಯಾ ನೋಡಿ. ಇದು ನಾನು ಅತಿ ಹೆಚ್ಚು ಸಲ ಹಿಡಿದ ತಪ್ಪು.

ಹಂತ 8: "90,000ದಲ್ಲಿ ಮಾಡ್ತೀರಾ?" ಅಂತ ಫೋನ್ ಬಂದರೆ

ಬರುತ್ತದೆ. ಆಗ ತಕ್ಷಣ ಹೂಂ ಅನ್ನಬೇಡಿ, ಎಲ್ಲ ಸಾಲಿನಿಂದಲೂ ಸ್ವಲ್ಪ ಸ್ವಲ್ಪ ಕತ್ತರಿಸಲೂಬೇಡಿ. ಎರಡು ದಿನ ಕೇಳಿ, ವಸ್ತುವಿನ ಲೆಕ್ಕದಲ್ಲೇ ಇಳಿಸಿ. ನಮ್ಮ ಶಾಲೆಯಲ್ಲಿ ಚಿಕ್ಕವರ 60, ನಡುವಿನವರ 40, ದೊಡ್ಡವರ 20 ಪುಸ್ತಕ ಬಿಟ್ಟರೆ 10,000 ಇಳಿಯುತ್ತದೆ. ಉಳಿದ 560 ಪುಸ್ತಕಕ್ಕೆ ಹದಿನಾರು ಅಂತಸ್ತು ಬೇಕು, ಮೂರು ರ‍್ಯಾಕಿನಲ್ಲಿ ಹದಿನೈದು ಇದೆ. ಮಕ್ಕಳ ಕೈಯಲ್ಲಿ ಯಾವಾಗಲೂ ಒಂದಷ್ಟು ಪುಸ್ತಕ ಇರುವುದರಿಂದ ಅಷ್ಟು ಸಾಕು. ಅಲ್ಲಿ 7,670 ಉಳಿಯಿತು. ಎರಡು ಜಮಖಾನ ಬಿಟ್ಟರೆ 1,800, ಬಿಟ್ಟ 120 ಪುಸ್ತಕದ ಲೇಬಲ್ ಬೈಂಡಿಂಗ್ 960, ಸಾಗಾಟ ಒಂದೇ ಗಾಡಿಗೆ ಹೊಂದಿಸಿದರೆ 1,000. ಒಟ್ಟು 21,430 ಇಳಿದು 89,890ಕ್ಕೆ ಬಂತು.

ಮೇಲ್ವಿಚಾರಕರ 30,000ವನ್ನು ಮುಟ್ಟಿಲ್ಲ. ಮೊದಲು ಅದನ್ನೇ ತೆಗೆಯಿರಿ ಅಂತ ಅವರು ಹೇಳಬಹುದು. ಹೇಳಿದರೆ ಆ 150 ಪುಸ್ತಕದ ಫೋಟೋ ಮತ್ತೊಮ್ಮೆ ಕಳಿಸಿ, ಬೀರು ತೆಗೆಯುವವರು ಇಲ್ಲದೆ ಇವು ಹೀಗಾದವು ಅಂತ ಬರೆಯಿರಿ. ಪರಿಷ್ಕರಿಸಿದ ಬಜೆಟ್ ಜೊತೆಗೆ ಸಾರಾಂಶವನ್ನೂ ತಿದ್ದಿ ಕಳಿಸಬೇಕು, 420 ಇದ್ದಲ್ಲಿ 300, ನಾಲ್ಕು ರ‍್ಯಾಕ್ ಇದ್ದಲ್ಲಿ ಮೂರು. ಹಳೆಯ ಸಾರಾಂಶ ಹಾಗೇ ಉಳಿದುಬಿಟ್ಟರೆ ವರ್ಷದ ಕೊನೆಗೆ ನೋಡಲು ಬಂದವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎಣಿಸುತ್ತಾರೆ.